ಮಾತಿನ ಗುಳ್ಳೆ (ಚಿತ್ರಕಥೆಗಳ ಅನುವಾದದಲ್ಲಿ)

ಚಿತ್ರಕಥೆಯಲ್ಲಿ ಪಾತ್ರದ ಮಾತನ್ನು ಸುತ್ತುವರಿದ ಬಿಳಿಯ ಜಾಗವೇ ಮಾತಿನ ಗುಳ್ಳೆ. ಇದಕ್ಕೆ ಬಲೂನ್ ಎಂಬ ಹೆಸರೂ ಬಳಕೆಯಲ್ಲಿದೆ. ಗುಳ್ಳೆಯಿಂದ ಪಾತ್ರದ ಬಾಯಿಯ ಕಡೆಗೆ ಇಳಿಯುವ ಚೂಪು ಗೆರೆಯನ್ನು ಬಾಲ ಎನ್ನುತ್ತಾರೆ. ಮೂಲಭಾಷೆಯ ಮಾತಿಗೆ ಎಷ್ಟು ಬೇಕೋ ಅಷ್ಟೇ ಜಾಗ ಬಿಟ್ಟು ಚಿತ್ರಕಾರ ಗುಳ್ಳೆಯನ್ನು ಬರೆದಿರುತ್ತಾನೆ. ಅನುವಾದಕನ ಕೈಗೆ ಬರುವ ಹೊತ್ತಿಗೆ ಆ ಜಾಗ ಮುಗಿದ ಸಂಗತಿ. ಕಾದಂಬರಿಯ ಅನುವಾದದಲ್ಲಿ ಒಂದು ಸಾಲು ಎರಡಾದರೆ ಪುಟ ಹೆಚ್ಚುತ್ತದೆ, ಅಷ್ಟೆ. ಇಲ್ಲಿ ನಾಲ್ಕು ಅಕ್ಷರ ಹೆಚ್ಚಾದರೆ ಮಾತು ಗುಳ್ಳೆಯ ಅಂಚಿಗೆ ತಾಗುತ್ತದೆ, ಇಲ್ಲವೇ ನಾಯಕನ ಮುಖದ ಮೇಲೆ ಹರಿಯುತ್ತದೆ.

ಗುಳ್ಳೆಯನ್ನೇ ದೊಡ್ಡದು ಮಾಡಬಹುದಲ್ಲ ಎಂಬ ಪ್ರಶ್ನೆಗೆ ಉತ್ತರ ಮುದ್ರಣದಲ್ಲಿದೆ. ಬಣ್ಣದ ಪುಟ ನಾಲ್ಕು ಪ್ಲೇಟುಗಳಿಂದ ಅಚ್ಚಾಗುತ್ತದೆ: ನೀಲಿ, ಕೆಂಪು, ಹಳದಿ, ಕಪ್ಪು. ಹಲವು ಭಾಷೆಗಳ ಆವೃತ್ತಿಗಳನ್ನು ಒಟ್ಟಿಗೆ ಅಚ್ಚು ಹಾಕುವಾಗ ಮೂರು ಬಣ್ಣಗಳ ಪ್ಲೇಟುಗಳನ್ನು ಹಾಗೇ ಉಳಿಸಿಕೊಂಡು, ಅಕ್ಷರವಿರುವ ಕಪ್ಪು ಪ್ಲೇಟನ್ನು ಮಾತ್ರ ಭಾಷೆಗೊಂದರಂತೆ ಬದಲಿಸುತ್ತಾರೆ. ಖರ್ಚು ಉಳಿಯುವುದು ಇದರಿಂದಲೇ. ಗುಳ್ಳೆ ಒಂದು ಸೆಂಟಿಮೀಟರ್ ಹಿಗ್ಗಿದರೆ ಅದರ ಹಿಂದಿನ ಆಕಾಶದ ನೀಲಿಯನ್ನೂ ಗೋಡೆಯ ಹಳದಿಯನ್ನೂ ತಿದ್ದಬೇಕು, ಅಂದರೆ ನಾಲ್ಕೂ ಪ್ಲೇಟು ಹೊಸದಾಗಬೇಕು. ಇಂದು ಪುಟಗಳು ಕಂಪ್ಯೂಟರ್ ಕಡತಗಳಾಗಿ ಬರುವುದರಿಂದ ತಿದ್ದುವುದು ಸುಲಭವಾಗಿದೆ. ಆದರೂ ಗುಳ್ಳೆಯನ್ನು ಸರಿಸಿದರೆ ಬಯಲಾಗುವ ಜಾಗದಲ್ಲಿ ಚಿತ್ರವನ್ನು ಯಾರೂ ಬರೆದೇ ಇರುವುದಿಲ್ಲ. ಮೂಲ ಪ್ರಕಾಶಕರ ಒಪ್ಪಂದಗಳಲ್ಲಿ ಚಿತ್ರವನ್ನು ಮುಟ್ಟಬಾರದೆಂಬ ಷರತ್ತು ಇರುವುದೂ ಸಾಮಾನ್ಯ.

ಜಾಗವೇ ಹೆಸರನ್ನು ಆರಿಸಿದ್ದು

ಜಾಗದ ಒತ್ತಡ ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದಕ್ಕೆ ಟಿನ್‌ಟಿನ್‌ನ ನಾಯಿ ಒಳ್ಳೆಯ ಸಾಕ್ಷಿ. ಬೆಲ್ಜಿಯಂನ ಹೆರ್ಜೆ 1929ರಲ್ಲಿ ಫ್ರೆಂಚ್‌ನಲ್ಲಿ ಆರಂಭಿಸಿದ ಈ ಮಾಲೆಯಲ್ಲಿ ನಾಯಿಯ ಹೆಸರು ಮಿಲು, ರೋಮನ್ ಲಿಪಿಯಲ್ಲಿ ಐದು ಅಕ್ಷರ. ಅದನ್ನು ಇಂಗ್ಲಿಷಿಗೆ ತಂದ ಲೆಸ್ಲಿ ಲಾನ್ಸ್‌ಡೇಲ್-ಕೂಪರ್ ಮತ್ತು ಮೈಕೆಲ್ ಟರ್ನರ್ ಆರಿಸಿಕೊಂಡ ‘ಸ್ನೋಯಿ’ ಕೂಡ ಐದೇ ಅಕ್ಷರದ್ದು. ಬಿಳಿ ನಾಯಿಗೆ ಹೆಸರು ಒಪ್ಪುತ್ತದೆ ನಿಜ. ಜೊತೆಗೆ ಟಿನ್‌ಟಿನ್ ನಾಯಿಯನ್ನು ಕೂಗುವ ಪುಟ್ಟ ಗುಳ್ಳೆಗಳಲ್ಲೆಲ್ಲ ಆ ಹೆಸರು ಹಿಡಿಸಲೇಬೇಕಿತ್ತು. ಬಂಗಾಳಿಯಲ್ಲಿ ಕವಿ ನೀರೇಂದ್ರನಾಥ ಚಕ್ರವರ್ತಿ ಅದೇ ನಾಯಿಯನ್ನು ‘ಕುಟ್ಟುಸ್’ ಎಂದು ಕರೆದರು. ಅದೂ ಚಿಕ್ಕದು, ಬಾಯ್ತುಂಬ ಕೂಗುವಂಥದು.

ಫ್ರೆಂಚ್‌ನ ಆಸ್ಟೆರಿಕ್ಸ್ ಮಾಲೆ ಇನ್ನೊಂದು ಪಾಠ ಕಲಿಸುತ್ತದೆ. ರೆನೆ ಗೊಸಿನಿ ಬರೆದು ಆಲ್ಬೆರ್ ಉದೆರ್ಜೊ ಚಿತ್ರಿಸಿದ ಈ ಕಥೆಗಳು 1959ರಲ್ಲಿ ‘ಪಿಲೋತ್’ ಪತ್ರಿಕೆಯಲ್ಲಿ ಶುರುವಾದವು. 1969ರಿಂದ ಆಂಥಿಯಾ ಬೆಲ್ ಮತ್ತು ಡೆರೆಕ್ ಹಾಕ್ರಿಜ್ ಅವನ್ನು ಇಂಗ್ಲಿಷಿಗೆ ತಂದರು. ಮೂಲದ ಶ್ಲೇಷೆ ಇಂಗ್ಲಿಷಿನಲ್ಲಿ ಒದಗದ ಕಡೆ ಅದನ್ನು ಬಿಟ್ಟು, ಪಕ್ಕದ ಗುಳ್ಳೆಯಲ್ಲೋ ಮುಂದಿನ ಪುಟದಲ್ಲೋ ಇಂಗ್ಲಿಷೇ ಹುಟ್ಟಿಸುವ ಬೇರೊಂದು ಶ್ಲೇಷೆಯನ್ನು ಅವರು ಇಟ್ಟರು. ಗುಳ್ಳೆಗೊಂದರಂತೆ ಲೆಕ್ಕ ಒಪ್ಪಿಸಲಿಲ್ಲ, ಪುಟಕ್ಕೊಂದರಂತೆ ಒಪ್ಪಿಸಿದರು.

ಪಾತ್ರದ ದನಿಯ ವಿಷಯದಲ್ಲಿ ಅವರ ದೊಡ್ಡ ಪರೀಕ್ಷೆ ಆಸ್ಟೆರಿಕ್ಸ್ ಬ್ರಿಟನ್‌ಗೆ ಹೋಗುವ ಕಥೆ. ಮೂಲದಲ್ಲಿ ಬ್ರಿಟನ್ನಿನವರು ಇಂಗ್ಲಿಷ್ ವಾಕ್ಯರಚನೆಯನ್ನು ಹಾಗೇ ಫ್ರೆಂಚಿಗೆ ಹೊರಿಸಿ ಮಾತಾಡುತ್ತಾರೆ, ಫ್ರೆಂಚರಿಗೆ ನಗು ಬರುವುದು ಅದರಿಂದ. ಇಂಗ್ಲಿಷಿಗೆ ತಂದಾಗ ಆ ಓರೆ ತಾನಾಗಿ ನೇರವಾಗಿಬಿಡುತ್ತದೆ. ಅನುವಾದಕರು ಅವರ ಬಾಯಲ್ಲಿ ಹಳೆಗಾಲದ ಸಿರಿವಂತ ಇಂಗ್ಲಿಷರ ಬಿಗುಮಾನದ ಮಾತನ್ನು ಇಟ್ಟರು. ವ್ಯಾಕರಣದ ತಮಾಷೆ ಹೋಯಿತು. ಗಾಲ್ ಒಬ್ಬ ಮಾತಾಡಿದರೆ ಹೀಗೆ, ಬ್ರಿಟನ್ನಿನವನು ಮಾತಾಡಿದರೆ ಹಾಗೆ ಎಂಬ ಅಂತರ ಮಾತ್ರ ಉಳಿಯಿತು. ದನಿಯನ್ನು ಉಳಿಸುವುದೆಂದರೆ ಹೆಚ್ಚಿನ ಸಲ ಇದೇ: ಒಬ್ಬನಿಗೂ ಇನ್ನೊಬ್ಬನಿಗೂ ಇರುವ ಅಂತರವನ್ನು ಉಳಿಸುವುದು.

ಅದೇ ಮಾಲೆಯಲ್ಲಿ ಅಕ್ಷರದ ರೂಪವೇ ದನಿಯಾಗುವ ಉದಾಹರಣೆಗಳೂ ಇವೆ. ಗಾಥ್ ಜನರ ಗುಳ್ಳೆಗಳಲ್ಲಿ ಹಳೆಯ ಜರ್ಮನ್ ಅಚ್ಚಿನ ಮೂಲೆಮೂಲೆಯ ಅಕ್ಷರಗಳಿವೆ. ಸೈನ್ಯಕ್ಕೆ ಸೇರಿದ ಈಜಿಪ್ಟಿನವನ ಗುಳ್ಳೆಯಲ್ಲಿ ಚಿತ್ರಲಿಪಿಯಿದೆ. ಕನ್ನಡದಲ್ಲಿ ಇಂಥದ್ದಕ್ಕೆ ಹಳಗನ್ನಡ ಶಾಸನದ ದುಂಡು ಅಕ್ಷರಗಳ ಛಾಯೆಯುಳ್ಳ ಫಾಂಟ್ ಬಳಸಬಹುದು. ಆದರೆ ಒಂದೆರಡು ಗುಳ್ಳೆಗಳಾಚೆ ಅದನ್ನು ಎಳೆದರೆ ಓದುವ ವೇಗ ಕುಸಿಯುತ್ತದೆ.

ಕನ್ನಡ ಅಕ್ಷರವೂ ಗುಳ್ಳೆಯೂ

ಕನ್ನಡಕ್ಕೂ ಈ ಕಸುಬಿಗೂ ಹಳೆಯ ನಂಟಿದೆ. ಅಮರ ಚಿತ್ರಕಥೆ ಮಾಲೆಯ ಇಂಗ್ಲಿಷ್ ಆವೃತ್ತಿ ಹನ್ನೊಂದನೆಯ ಸಂಖ್ಯೆಯ ‘ಕೃಷ್ಣ’ದಿಂದ ಆರಂಭವಾಗುವುದಕ್ಕೆ ಕಾರಣವೇ ಕನ್ನಡ. ಅದಕ್ಕೂ ಮೊದಲಿನ ಹತ್ತು ಸಂಖ್ಯೆಗಳು 1965ರ ಸುಮಾರಿಗೆ ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಕನ್ನಡದಲ್ಲಿ ಬಂದ ಪಾಶ್ಚಾತ್ಯ ಮಕ್ಕಳ ಕಥೆಗಳು. ಇಂಗ್ಲಿಷ್ ಮಾತಿಗಾಗಿ ಬರೆದ ಗುಳ್ಳೆಯಲ್ಲಿ ಕನ್ನಡ ಕೂರಬೇಕಾದ ಇಕ್ಕಟ್ಟು ಅಲ್ಲಿಂದಲೇ ಶುರು.

ಇಕ್ಕಟ್ಟಿನ ಮೂಲ ಎತ್ತರದಲ್ಲಿದೆ. ಇಂಗ್ಲಿಷ್ ಚಿತ್ರಕಥೆಗಳಲ್ಲಿ ಮಾತನ್ನು ಬಹುಮಟ್ಟಿಗೆ ದೊಡ್ಡಕ್ಷರಗಳಲ್ಲೇ ಬರೆಯುತ್ತಾರೆ. ಆ ಅಕ್ಷರಗಳಿಗೆ ಮೇಲೆ ಕೊಂಬಿಲ್ಲ, ಕೆಳಗೆ ಬಾಲವಿಲ್ಲ. ಸಾಲಿನ ಮೇಲೆ ಸಾಲನ್ನು ಇಟ್ಟಿಗೆಯಂತೆ ಒತ್ತಿ ಜೋಡಿಸಬಹುದು. ಕನ್ನಡ ಹಾಗಲ್ಲ. ‘ಕಿ’, ‘ತಿ’ಗಳ ಗುಡಿಸು ಮೇಲಕ್ಕೆ ಏಳುತ್ತದೆ. ‘ತ್ತ’, ‘ಲ್ಲ’, ‘ದ್ನ’ಗಳ ಒತ್ತು ಕೆಳಗೆ ಇಳಿಯುತ್ತದೆ. ‘ಸ್ತ್ರೀ’ಯಂಥದ್ದು ಬಂದರೆ ಎರಡು ಒತ್ತು. ಒಂಬತ್ತು ಪಾಯಿಂಟ್ ಅಕ್ಷರಕ್ಕೆ ಹದಿಮೂರು ಹದಿನಾಲ್ಕು ಪಾಯಿಂಟ್ ಸಾಲಂತರ ಕೊಡದೆ ಹೋದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಇಂಗ್ಲಿಷಿನ ನಾಲ್ಕು ಸಾಲು ಹಿಡಿದ ಗುಳ್ಳೆಯಲ್ಲಿ ಕನ್ನಡಕ್ಕೆ ಸಿಗುವುದು ಹೆಚ್ಚೆಂದರೆ ಮೂರು ಸಾಲು. ಈ ಲೆಕ್ಕವನ್ನು ಅನುವಾದ ಶುರು ಮಾಡುವ ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಅಗಲದ ಲೆಕ್ಕ ಇನ್ನೂ ಸೂಕ್ಷ್ಮ. ಅಕ್ಷರ ಎಣಿಸಿದರೆ ಸಾಕೆಂದು ಅನಿಸುತ್ತದೆ, ಸಾಲದು. ‘ಬರಬೇಡ’ ನಾಲ್ಕು ಅಕ್ಷರ, ‘ಬರ್ಬೇಡ’ ಮೂರು. ಆದರೆ ಅರ್ಕಾವತ್ತು ಅಕ್ಷರದ ಬಲಕ್ಕೆ ಬಂದು ಕೂರುವುದರಿಂದ ಅಗಲ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ದೀರ್ಘದ ಗುರುತೂ ಬಲಕ್ಕೆ ಜಾಗ ತಿನ್ನುತ್ತದೆ: ‘ಕೆ’ಗಿಂತ ‘ಕೇ’ ಅಗಲ. ಒತ್ತಾಗಿ ಕೆಳಗಿಳಿಯುವ ಅಕ್ಷರವಾದರೆ ಅಗಲ ನಿಜವಾಗಿ ಉಳಿಯುತ್ತದೆ. ‘ಇಲ್ಲವಾ’ ಮೂರಕ್ಷರ, ‘ಇಲ್ವಾ’ ಎರಡೇ, ‘ವ’ ಒತ್ತಾಗಿ ‘ಲ’ದ ಅಡಿಗೆ ಹೋಯಿತು. ಅಂದರೆ ಆಡುಮಾತಿನ ಎಲ್ಲ ಸಂಕ್ಷೇಪವೂ ಜಾಗ ಉಳಿಸುವುದಿಲ್ಲ. ಅಗಲ ಉಳಿಸಿದ್ದು ಎತ್ತರವನ್ನು ಕೇಳಬಹುದು.

ಪದ ಮುರಿಯುವುದು ಮತ್ತೊಂದು ಕಷ್ಟ. ಪ್ರತ್ಯಯಗಳು ಅಂಟಿ ಅಂಟಿ ಕನ್ನಡ ಪದ ಉದ್ದವಾಗುತ್ತದೆ. ‘ಅಂದುಕೊಂಡಿದ್ದೆ’ ಎಂಬುದು ಕಿರಿದಾದ ಗುಳ್ಳೆಯ ಒಂದು ಸಾಲಿಗೆ ಹಿಡಿಸದಿದ್ದರೆ ‘ಅಂದು’ ಆದ ಮೇಲೆ ಮುರಿದು ‘ಕೊಂಡಿದ್ದೆ’ಯನ್ನು ಕೆಳಕ್ಕೆ ತರಬೇಕು. ಕಿವಿಗೆ ಅಲ್ಲಿ ಒಂದು ಸಹಜ ತಡೆ ಇದೆ. ‘ಅಂದುಕೊಂ’ ಎಂದು ಮುರಿದರೆ ಓದುಗ ಎಡವುತ್ತಾನೆ. ಭಾರತೀಯ ಲಿಪಿಗಳಿಗೆ ಬೇಕಾದ ಸಂಯೋಜಕವನ್ನು ಪುಟವಿನ್ಯಾಸದ ತಂತ್ರಾಂಶದಲ್ಲಿ ಆನ್ ಮಾಡದೆ ಹೋದರೆ ಇದಕ್ಕಿಂತ ಕೆಟ್ಟದ್ದು ನಡೆಯುತ್ತದೆ: ಒತ್ತಕ್ಷರ ಒಡೆದು ‘ದ್’ ಒಂದು ಸಾಲಿನಲ್ಲೂ ‘ನ’ ಮುಂದಿನ ಸಾಲಿನಲ್ಲೂ ಬೀಳುತ್ತದೆ, ಅಥವಾ ಒತ್ತು ಕೂಡದೆ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಅಡೋಬಿಯ ತಂತ್ರಾಂಶಗಳಲ್ಲಿ ಇದಕ್ಕೆ ‘ವರ್ಲ್ಡ್-ರೆಡಿ’ ಎಂಬ ಆಯ್ಕೆ ಇದೆ. ಕನ್ನಡ ಓದಲು ಬಾರದ ಲೆಟರಿಂಗ್ ಕಲಾವಿದರ ಕೈಗೆ ಪುಟ ಹೋದಾಗ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಅಚ್ಚಿಗೆ ಹೋಗುವ ಮೊದಲು ಕನ್ನಡ ಬಲ್ಲವರೊಬ್ಬರು ಒಂದೊಂದು ಗುಳ್ಳೆಯನ್ನೂ ನೋಡಬೇಕಾದದ್ದು ಅದಕ್ಕೇ.

ಮುಂದನ್ನು ಕಡಿ, ತುದಿಯನ್ನು ಉಳಿಸು

ಹಿಡಿಸದ ಮಾತನ್ನು ಎಲ್ಲಿ ಕತ್ತರಿಸಬೇಕು? ಕನ್ನಡದ ಮಟ್ಟಿಗೆ ಇದಕ್ಕೆ ಭಾಷೆಯೇ ಉತ್ತರ ಕೊಡುತ್ತದೆ. ಕನ್ನಡ ವಾಕ್ಯದ ತುದಿಯಲ್ಲಿ ಕ್ರಿಯಾಪದವಿದೆ. ಆ ಕ್ರಿಯಾಪದದ ತುದಿಯಲ್ಲಿ ಮಾತಾಡುವವನ ಊರು, ವಯಸ್ಸು, ಎದುರಿನವನ ಜೊತೆಗಿನ ಸಲುಗೆ, ಸಿಟ್ಟು, ಅಕ್ಕರೆ ಎಲ್ಲ ಕೂತಿವೆ. ಕಣೋ, ಕಣೇ, ರೀ, ಮಾರಾಯ, ಅಲ್ವಾ, ಏನೋ ಎಲ್ಲವೂ ಒಂದೆರಡು ಅಕ್ಷರದವು, ಹೆಚ್ಚೆಂದರೆ ಮೂರು. ಅಷ್ಟು ಕಡಿಮೆ ಜಾಗದಲ್ಲಿ ಪಾತ್ರವನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಡುವ ವಸ್ತು ವಾಕ್ಯದಲ್ಲಿ ಬೇರೊಂದಿಲ್ಲ. ವಾಕ್ಯದ ಮುಂಭಾಗದಲ್ಲಿರುವ ‘ನಾನು’, ‘ನಿನಗೆ’, ‘ಇಲ್ಲಿಗೆ’ಗಳಲ್ಲಿ ಅರ್ಧವನ್ನು ಕ್ರಿಯಾಪದ ಹೇಳುತ್ತದೆ, ಇನ್ನರ್ಧವನ್ನು ಚಿತ್ರವೇ ತೋರಿಸುತ್ತದೆ. ಬೆರಳು ನೀಟಿ ಬಾಗಿಲಲ್ಲಿ ನಿಂತವನ ಚಿತ್ರವಿರುವಾಗ ‘ಇಲ್ಲಿಗೆ’ ಏಕೆ ಬೇಕು?

ಅವಸರದ ಅನುವಾದಗಳಲ್ಲಿ ನಡೆಯುವುದು ಇದರ ತಿರುವುಮುರುವು. ಮೂಲದ ಪ್ರತಿ ಪದಕ್ಕೂ ಒಂದು ಪದ ಇಟ್ಟು, ಜಾಗ ಸಾಲದೆ ಬಂದಾಗ ತುದಿಯ ‘ಕಣೋ’, ‘ಮಾರಾಯ’ಗಳನ್ನು ಅಲಂಕಾರವೆಂದು ಕಿತ್ತು ಹಾಕುತ್ತಾರೆ. ಪುಟದ ತುಂಬ ಎಲ್ಲರೂ ಒಂದೇ ದನಿಯಲ್ಲಿ, ಬಾನುಲಿ ವಾರ್ತೆ ಓದಿದಂತೆ ಮಾತಾಡತೊಡಗುತ್ತಾರೆ.

ಒಂದು ಮಾತನ್ನು ಹಿಡಿದು ನೋಡೋಣ. ಹೊರಗೆ ಅಟ್ಟಿದ್ದವನು ಮತ್ತೆ ಬಾಗಿಲಿಗೆ ಬಂದಿದ್ದಾನೆ, ಮನೆಯ ಯಜಮಾನ ಗದರುತ್ತಾನೆ: ಮತ್ತೆ ಇಲ್ಲಿಗೆ ಬರಬಾರದೆಂದು ಹಿಂದೆಯೇ ಹೇಳಿದ್ದಾಗಿದೆ ಎಂಬುದು ಆ ಮಾತಿನ ಅರ್ಥ. ಗುಳ್ಳೆ ಮೊಟ್ಟೆಯಾಕಾರದ್ದು. ಕನ್ನಡಕ್ಕೆ ಮೂರು ಸಾಲು, ನಡುವಿನ ಸಾಲಿಗೆ ಆರು ಅಕ್ಷರ, ಮೇಲೆ ಕೆಳಗೆ ಮೂರೋ ನಾಲ್ಕೋ. ಪದಕ್ಕೆ ಪದ ಇಟ್ಟರೆ ಹೀಗಾಗುತ್ತದೆ:

ಇಲ್ಲಿಗೆ ಮತ್ತೆ ಬರಬಾರದೆಂದು ನಾನು ನಿನಗೆ ಹೇಳಿರಲಿಲ್ಲವೇ?

ಇಪ್ಪತ್ತೆರಡು ಅಕ್ಷರ. ಗುಳ್ಳೆಗೆ ಹಿಡಿಸುವುದಿಲ್ಲ. ಹಿಡಿಸಿದರೂ ಸಿಟ್ಟಿಗೆದ್ದ ಯಾರೂ ಹೀಗೆ ಮಾತಾಡುವುದಿಲ್ಲ. ‘ಇಲ್ಲಿಗೆ’ಯನ್ನು ಬಾಗಿಲ ಚಿತ್ರಕ್ಕೆ ಬಿಟ್ಟುಕೊಟ್ಟು, ‘ನಾನು ನಿನಗೆ’ಯನ್ನು ಕ್ರಿಯಾಪದಕ್ಕೆ ಬಿಟ್ಟುಕೊಟ್ಟರೆ ಉಳಿಯುವುದು ‘ಮತ್ತೆ ಬರಬೇಡ ಅಂದಿದ್ನಲ್ಲ!’ ಎಂಬ ಹತ್ತು ಅಕ್ಷರ. ಅರ್ಧಕ್ಕಿಂತ ಕಡಿಮೆಯಾಯಿತು, ಯಾವ ಅರ್ಥವೂ ಕಳೆಯಲಿಲ್ಲ. ಆಕಾರ ಮಾತ್ರ ಇನ್ನೂ ಕೂಡಿಲ್ಲ, ಮೇಲಿನ ಸಾಲಿಗೆ ಏನೂ ಇಲ್ಲ. ಮೇಲೆ ಒಂದು ‘ಲೋ’ ಹಾಕಿದರೆ ಆಕಾರವೂ ಸಿಗುತ್ತದೆ, ಯಜಮಾನನ ದರ್ಪವೂ ಬರುತ್ತದೆ:

ಲೋ,
ಮತ್ತೆ ಬರಬೇಡ
ಅಂದಿದ್ನಲ್ಲ!

ಇನ್ನು ಅಕ್ಷರ ಕೂರಿಸುವವರ ಕೆಲಸ. ನಡುವಿನ ಸಾಲಿನ ‘ತ್ತೆ’ಯ ಒತ್ತು ಸರಿಯಾಗಿ ಕೆಳಗಿನ ‘ಅಂದಿ’ಯ ತಲೆಯ ಮೇಲೆ ಬರುತ್ತದೆ, ಅಲ್ಲಿ ‘ದಿ’ಯ ಗುಡಿಸು ಎದ್ದಿದೆ. ಕೆಳಸಾಲನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಿದರೆ ಡಿಕ್ಕಿ ತಪ್ಪುತ್ತದೆ. ಕೊನೆಯ ಸಾಲಿನ ‘ದ್ನ’, ‘ಲ್ಲ’ಗಳ ಒತ್ತು ಗುಳ್ಳೆಯ ತಳಕ್ಕೆ ತಾಗುವಂತಿರುತ್ತದೆ. ಹಾಗಾಗಿ ಮೂರೂ ಸಾಲನ್ನು ಒಟ್ಟಾಗಿ ಗುಳ್ಳೆಯ ನಟ್ಟನಡುವಿನಿಂದ ತುಸು ಮೇಲಕ್ಕೆ ಏರಿಸಬೇಕು. ಅಳತೆಪಟ್ಟಿಯ ಪ್ರಕಾರ ಅದು ನಡುವಲ್ಲ, ಕಣ್ಣಿಗೆ ಅದೇ ನಡು.

ಈಗ ಮಾತು ಅದೇ, ಬಾಯಿ ಬೇರೆ ಎಂದಿಟ್ಟುಕೊಳ್ಳಿ. ಅರಸನಾದರೆ ‘ಮರಳಿ / ಬರಕೂಡದು / ಎಂದಿದ್ದೆವು!’ ಮೂರು, ಐದು, ನಾಲ್ಕು ಅಕ್ಷರಗಳ ಸಾಲು ಗುಳ್ಳೆಯ ಆಕಾರಕ್ಕೆ ತಾನಾಗಿ ಒಪ್ಪುತ್ತದೆ. ಕೊನೆಯ ‘ವು’ ಒಂದೇ ಅಕ್ಷರ, ಸಿಂಹಾಸನವನ್ನೇ ತಂದು ನಿಲ್ಲಿಸುತ್ತದೆ. ಅಜ್ಜಿಯಾದರೆ ‘ಬರ್ಬೇಡ / ಅಂದಿರ್ಲಿಲ್ವೇನೋ / ಕಂದ?’ ಗದರಿಕೆ ಹೋಗಿ ಕಳವಳ ಬಂತು. ಆದರೆ ನಡುವಿನ ಸಾಲಿನಲ್ಲಿ ಅರ್ಕಾವತ್ತೂ ದೀರ್ಘವೂ ಸೇರಿ ಐದು ಅಕ್ಷರಕ್ಕೆ ಆರೂವರೆ ಅಕ್ಷರದ ಅಗಲ ಬೇಕಾಗುತ್ತದೆ. ಧಾರವಾಡದ ಕಡೆಯವನಾದರೆ ‘ಮತ್ತ / ಬರಬ್ಯಾಡಂತ / ಹೇಳಿದ್ದಿಲ್ಲೇನ?’ ಮಂಗಳೂರಿನವನಾದರೆ ‘ಪುನಃ ಬರ್ಬೇಡ / ಹೇಳಿದ್ದಲ್ವಾ / ಮಾರಾಯ!’ ಇದು ಮೇಲೆ ಅಗಲ, ಕೆಳಗೆ ಕಿರಿದು. ಬಾಲ ಕೆಳಗಿರುವ, ಕೊಡದಂತೆ ಇಳಿಯುವ ಗುಳ್ಳೆಗೆ ಹೊಂದುತ್ತದೆ, ಮೊಟ್ಟೆಯಾಕಾರಕ್ಕೆ ಹೊಂದುವುದಿಲ್ಲ. ಯಾವುದೂ ಹನ್ನೆರಡು ಅಕ್ಷರ ಮೀರಿಲ್ಲ. ನಾಲ್ಕೂ ಮಾತುಗಳನ್ನು ಚಿತ್ರವಿಲ್ಲದೆ ಕೇಳಿದರೂ ಯಾರದ್ದೆಂದು ಗೊತ್ತಾಗುತ್ತದೆ.

ಪ್ರಾದೇಶಿಕ ಮಾತನ್ನು ಬಳಸುವಾಗ ಒಂದು ಎಚ್ಚರ ಬೇಕು. ಅಡುಗೆಯವನಿಗೋ ಕಳ್ಳನಿಗೋ ದಡ್ಡನಿಗೋ ಮಾತ್ರ ಊರ ಮಾತು ಕೊಟ್ಟು, ನಾಯಕನಿಗೆ ಶಿಷ್ಟಗನ್ನಡ ಕೊಡುವ ರೂಢಿ ನಮ್ಮಲ್ಲಿ ಬೇರೂರಿದೆ. ಮೂಲದಲ್ಲಿ ಇಲ್ಲದ ಅವಮಾನವನ್ನು ಅದು ತಂದು ಸೇರಿಸುತ್ತದೆ. ಮೂಲದಲ್ಲೇ ಅವಮಾನವಿದ್ದರೂ ಪ್ರಶ್ನೆ ಏಳುತ್ತದೆ. ಆಸ್ಟೆರಿಕ್ಸ್‌ನ ಕಡಲ್ಗಳ್ಳರ ಹಡಗಿನ ಕರಿಯ ಕಾವಲುಗಾರ ಫ್ರೆಂಚ್ ಮೂಲದಲ್ಲಿ ‘ರ’ಕಾರ ನುಂಗಿ ಮಾತಾಡುತ್ತಾನೆ. ಅದನ್ನು ಕನ್ನಡದಲ್ಲಿ ಯಾವುದಾದರೂ ಸಮುದಾಯದ ಉಚ್ಚಾರಕ್ಕೆ ಹೊಂದಿಸುವುದು ತಪ್ಪೆಂದೇ ಈ ಲೇಖಕನ ಅಭಿಪ್ರಾಯ. ಹಡಗಿನ ಮೇಲೆ ಕೂತು ಅಪಾಯ ಕಂಡವನ ಗಾಬರಿ ಅವನ ದನಿಗೆ ಸಾಕು.

ನೀನು, ನೀವು ಮತ್ತು ಮಾತಿನ ಸರದಿ

ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಸಂಬೋಧನೆ. ಫ್ರೆಂಚ್‌ನಲ್ಲಿ ಏಕವಚನ, ಗೌರವವಚನಗಳ ಭೇದ ಕನ್ನಡದ ಹಾಗೇ ಇದೆ. ಫ್ರೆಂಚ್ ಕಥೆಯನ್ನು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ತರುವಾಗ ಈ ಭೇದ ನಡುದಾರಿಯಲ್ಲಿ ಕಳೆದುಹೋಗುತ್ತದೆ, ಅನುವಾದಕ ಅದನ್ನು ಮತ್ತೆ ಕಟ್ಟಬೇಕು. ಮೊದಲ ಪುಟಕ್ಕೆ ಕೈ ಹಾಕುವ ಮುನ್ನವೇ ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಹತ್ತನೆಯ ಪುಟದಲ್ಲಿ ‘ಬನ್ನಿ’ ಎಂದವನು ಹನ್ನೆರಡನೆಯ ಪುಟದಲ್ಲಿ ಜಾಗ ಸಾಲದ್ದಕ್ಕೆ ‘ಬಾ’ ಎಂದುಬಿಟ್ಟರೆ, ಓದುಗ ಆ ಇಬ್ಬರ ನಡುವೆ ಏನೋ ನಡೆದಿದೆ ಎಂದುಕೊಳ್ಳುತ್ತಾನೆ. ನಿಜವಾಗಿ ಏನಾದರೂ ನಡೆದಾಗ ಇದೇ ಬದಲಾವಣೆ ದೊಡ್ಡ ಆಯುಧ: ಇಪ್ಪತ್ತು ಪುಟ ‘ನೀವು’ ಎಂದವನು ಒಂದು ಗುಳ್ಳೆಯಲ್ಲಿ ‘ನೀನು’ ಎಂದರೆ ಬೇರೆ ವಿವರಣೆಯೇ ಬೇಡ.

ಒಂದು ವಾಕ್ಯ ಎರಡು ಗುಳ್ಳೆಗಳಲ್ಲಿ ಹಂಚಿಹೋದಾಗ ಪದಗಳ ಸರದಿ ತೊಡಕಾಗುತ್ತದೆ. ಮೂಲದಲ್ಲಿ ಮೊದಲ ಗುಳ್ಳೆ ‘ಹೋಗುವುದಿಲ್ಲ’ ಎನ್ನುತ್ತದೆ, ಚಿತ್ರದಲ್ಲಿ ಹುಡುಗಿ ಹಟ ಹಿಡಿದು ನಿಂತಿದ್ದಾಳೆ. ಎರಡನೆಯ ಗುಳ್ಳೆ ‘ತಂಗಿ ಸಿಗುವವರೆಗೆ’ ಎನ್ನುತ್ತದೆ, ಅಲ್ಲಿ ಆಕೆಯ ಕಣ್ಣಲ್ಲಿ ನೀರಿದೆ. ಕನ್ನಡದ ಸಹಜ ಕ್ರಮದಲ್ಲಿ ತಂಗಿ ಮೊದಲು ಬಂದುಬಿಡುತ್ತಾಳೆ, ಹಟದ ಮುಖಕ್ಕೆ ತಂಗಿಯ ಮಾತು, ಕಣ್ಣೀರಿಗೆ ‘ಹೋಗುವುದಿಲ್ಲ’ ಸಿಗುತ್ತದೆ. ಇದಕ್ಕೆ ಪರಿಹಾರ ವಾಕ್ಯವನ್ನು ಎರಡು ಮಾಡುವುದು: ‘ನಾನು ಹೋಗಲ್ಲ.’ ಆಮೇಲೆ ‘ತಂಗಿ ಸಿಗೋವರೆಗೂ ಇಲ್ಲೇ ಇರ್ತೀನಿ.’ ಆಡುಮಾತಿನಲ್ಲಿ ಕ್ರಿಯಾಪದದ ಆಚೆಗೂ ಪದ ಜಾರುವುದುಂಟು. ‘ಎಲ್ಲಿದ್ದಾಳೆ ಅವಳು?’ ಎಂದು ಕೇಳುತ್ತೇವೆ. ಗುಳ್ಳೆಯ ಕಿರಿದಾದ ಕೊನೆಯ ಸಾಲಿಗೆ ಇಂಥ ಜಾರಿದ ಪುಟ್ಟ ಪದ ಚೆನ್ನಾಗಿ ಒಪ್ಪುತ್ತದೆ.

ಗಾತ್ರವೇ ದನಿ

ಜಾಗ ಸಾಲದಾಗ ಎಲ್ಲರ ಕೈ ಮೊದಲು ಹೋಗುವುದು ಅಕ್ಷರದ ಗಾತ್ರ ಕಡಿಮೆ ಮಾಡುವುದಕ್ಕೆ. ಅದು ಕೊನೆಯ ಉಪಾಯವೂ ಆಗಬಾರದು. ಚಿತ್ರಕಥೆಯಲ್ಲಿ ದೊಡ್ಡ ಗುಳ್ಳೆಯೊಳಗಿನ ಸಣ್ಣ ಅಕ್ಷರಕ್ಕೆ ಪಿಸುಮಾತು ಎಂಬ ಅರ್ಥ ಮೊದಲೇ ಇದೆ, ದಪ್ಪ ಅಕ್ಷರಕ್ಕೆ ಕೂಗು ಎಂಬ ಅರ್ಥ. ಜಾಗಕ್ಕಾಗಿ ಒಂದು ಗುಳ್ಳೆಯ ಅಕ್ಷರವನ್ನು ಕುಗ್ಗಿಸಿದರೆ ಆ ಪಾತ್ರ ಅಕಾರಣವಾಗಿ ದನಿ ತಗ್ಗಿಸಿದಂತೆ ಕೇಳುತ್ತದೆ. ಇಡೀ ಪುಸ್ತಕಕ್ಕೆ ಒಂದೇ ಗಾತ್ರ ಗೊತ್ತುಮಾಡಿಕೊಂಡು, ಮಾತನ್ನೇ ಕಡಿಮೆ ಮಾಡುವುದು ಸರಿಯಾದ ದಾರಿ.

ಇಂಗ್ಲಿಷಿನಲ್ಲಿ ಒತ್ತು ಕೊಡಬೇಕಾದ ಪದವನ್ನು ದಪ್ಪಗೆ, ಓರೆಯಾಗಿ ಬರೆಯುವುದು ರೂಢಿ. ಕನ್ನಡ ಅಕ್ಷರವನ್ನು ದಪ್ಪ ಮಾಡಿದರೆ ‘ಥ’, ‘ಧ’, ‘ಠ’ಗಳ ಒಳಗಿನ ಚುಕ್ಕೆಯೂ ಸೀಳೂ ಮುಚ್ಚಿಹೋಗಿ ಒಂದು ಇನ್ನೊಂದರಂತೆ ಕಾಣುತ್ತದೆ. ಅಕ್ಷರವನ್ನು ಓರೆ ಮಾಡುವ ಪದ್ಧತಿಯೂ ಕನ್ನಡ ಬರವಣಿಗೆಯಲ್ಲಿ ಬೆಳೆದು ಬಂದದ್ದಲ್ಲ. ಆ ಕೆಲಸಕ್ಕೆ ಕನ್ನಡದಲ್ಲಿ ಪ್ರತ್ಯಯಗಳಿವೆ. ‘ನಾನೇ ಮಾಡಿದೆ’, ‘ನಾನೂ ಮಾಡಿದೆ’, ‘ನಾನಂತೂ ಮಾಡಲಿಲ್ಲ’ ಎಂಬಲ್ಲಿ ಒತ್ತು ಪದದೊಳಗೇ ಇದೆ, ದಪ್ಪ ಅಕ್ಷರ ಬೇಡವೇ ಬೇಡ.

ಜಪಾನಿನ ಮಾಂಗಾ ಬಂದರೆ ಸಮಸ್ಯೆ ಅಡ್ಡದಿಂದ ಉದ್ದಕ್ಕೆ ತಿರುಗುತ್ತದೆ. ಜಪಾನಿ ಮಾತು ಮೇಲಿನಿಂದ ಕೆಳಗೆ ಇಳಿಯುವುದರಿಂದ ಅಲ್ಲಿನ ಗುಳ್ಳೆಗಳು ಎತ್ತರವಾಗಿ, ಕಿರಿದಾಗಿ ಇರುತ್ತವೆ. ಸಾಲಿಗೆ ಮೂರು ನಾಲ್ಕು ಅಕ್ಷರವಷ್ಟೇ ಹಿಡಿಸುವ ಕಡೆ ‘ಮನೆಯಲ್ಲಿ’ಗಿಂತ ‘ಮನೇಲಿ’, ‘ಹೋಗಬೇಕಾಗಿದೆ’ಗಿಂತ ‘ಹೋಗ್ಬೇಕು’ ಅನಿವಾರ್ಯವಾಗುತ್ತದೆ. ಜಪಾನಿ ಪಾತ್ರಗಳು ‘ನಾನು’ ಎಂಬುದಕ್ಕೆ ಬೋಕು, ಒರೆ, ವತಾಶಿ ಮೊದಲಾದ ಬೇರೆ ಬೇರೆ ಪದ ಬಳಸಿ ತಮ್ಮ ಸ್ವಭಾವ ತೋರಿಸುತ್ತವೆ. ಕನ್ನಡದಲ್ಲಿ ಇರುವುದು ‘ನಾನು’ ಒಂದೇ. ಅಲ್ಲಿ ಸರ್ವನಾಮ ಮಾಡಿದ ಕೆಲಸವನ್ನು ಇಲ್ಲಿ ಮತ್ತೆ ಕ್ರಿಯಾಪದದ ತುದಿಯೇ ಮಾಡಬೇಕು: ಒರಟನಿಗೆ ‘ಮಾಡ್ತೀನಿ ಕಣೋ’, ಸಂಕೋಚದ ಹುಡುಗನಿಗೆ ‘ಮಾಡ್ತೀನಿ ಸಾರ್’, ಬಿಗುವಿನವನಿಗೆ ‘ಮಾಡುತ್ತೇನೆ’.

ಕೆಲಸ ಸರಿಯಾಗಿದೆಯೇ ಎಂದು ನೋಡುವ ಸುಲಭ ಕ್ರಮವೊಂದಿದೆ. ಒಂದು ಪಾತ್ರದ ಎಲ್ಲ ಮಾತುಗಳನ್ನೂ ಪುಸ್ತಕದಿಂದ ಹೆಕ್ಕಿ, ಚಿತ್ರವಿಲ್ಲದೆ, ಒಂದರ ಕೆಳಗೊಂದು ಬರೆಯುವುದು. ಆಮೇಲೆ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸುವುದು. ನಡುವೆ ಎಲ್ಲಾದರೂ ಬೇರೆಯವರ ದನಿ ನುಸುಳಿದ್ದರೆ ಕಿವಿಗೆ ಕೂಡಲೇ ತಟ್ಟುತ್ತದೆ. ಅಂಥ ಸಾಲಿನ ಗುಳ್ಳೆಗೆ ಹಿಂದಿರುಗಿ ನೋಡಿದರೆ, ಹೆಚ್ಚಿನ ಸಲ ಅದು ಪುಟದ ಅತಿ ಚಿಕ್ಕ ಗುಳ್ಳೆಗಳಲ್ಲಿ ಒಂದಾಗಿರುತ್ತದೆ, ಅದರ ತುದಿಯ ಎರಡಕ್ಷರ ಕತ್ತರಿಸಿ ಹೋಗಿರುತ್ತದೆ.